ಒಂದೇ ಬ್ಯಾಚ್‌ಗೆ ಎರಡು ಎಆರ್ ನಂಬರ್ ಮೆಟೀರಿಯಲ್ ಹೋದ್ರೆ ಬಿಎಂಆರ್‌ನಲ್ಲಿ ಹೇಗೆ ತೋರ್ಸೋದು? ಯೀಲ್ಡ್ ಕೂಡ 100 ದಾಟ್ತಿದೆ

ಟ್ಯಾಬ್ಲೆಟ್_ಪೀಣ್ಯ
ಎಲ್ರಿಗೂ ನಮಸ್ಕಾರ. ನಮ್ದು ಸಣ್ಣ ಯೂನಿಟ್, ಪ್ಯಾರಾಸಿಟಮಾಲ್ 500 ಮಾಡ್ತೀವಿ, ಬ್ಯಾಚ್ ಸೈಜ್ ಒಂದು ಲಕ್ಷ ಮಾತ್ರೆ, ಒಂದು ಮಾತ್ರೆ 580 ಮಿಗ್ರಾಂ, ಅಂದ್ರೆ ಒಟ್ಟು 58 ಕೆಜಿ. 2023ರ ಡಿಸೆಂಬರ್‌ನಲ್ಲಿ ಬಂದ ಹೊಸ ಶೆಡ್ಯೂಲ್ ಎಂ ಪ್ರಕಾರ ಎಲ್ಲಾ ರೆಕಾರ್ಡ್ ಸರಿ ಮಾಡ್ತಿದೀವಿ, ಬಿಎಂಆರ್ ಮಾತ್ರ ಇನ್ನೂ ಹಳೇ ಫಾರ್ಮ್ಯಾಟ್. ಡಿಸ್ಪೆನ್ಸಿಂಗ್ ಪೇಜಲ್ಲಿ ಒಂದು ಮೆಟೀರಿಯಲ್‌ಗೆ ಒಂದೇ ಸಾಲು ಇದೆ. ಈ ಸಲ ಹಳೇ ಎಆರ್ ನಂಬರಿಂದು 32 ಕೆಜಿ ಪ್ಯಾರಾಸಿಟಮಾಲ್ ಉಳಿದಿತ್ತು, ಅದನ್ನ ಪೂರ್ತಿ ತಗೊಂಡು ಮಿಕ್ಕಿದ್ದನ್ನ ಹೊಸದರಿಂದ ತೂಗಿದಾರೆ. ಸಾಲಲ್ಲಿ ಜಾಗ ಇಲ್ದೆ ಎರಡನೇ ಎಆರ್ ನಂಬರ್ ಮಾರ್ಜಿನ್‌ನಲ್ಲಿದೆ, ತೂಕ ಮಾತ್ರ ಒಟ್ಟಿಗೆ 50.528 ಅಂತ ಒಂದೇ, ಸಹಿ ಪೇಜ್ ಕೊನೇಲಿ ಒಂದೇ. ಮಾಕ್ ಆಡಿಟ್‌ಗೆ ಬಂದವ್ರು ಯಾವುದರಿಂದ ಎಷ್ಟು ಹೋಯ್ತು, ಯಾವ ಗ್ರಾನ್ಯುಲೇಷನ್ ಲಾಟ್‌ಗೆ ಹೋಯ್ತು ತೋರ್ಸಿ ಅಂದ್ರು, ಬಿಎಂಆರ್‌ನಲ್ಲಿ ಅದಕ್ಕೆ ಉತ್ತರ ಇಲ್ಲ. ಇನ್ನೊಂದು, ಬ್ಲೆಂಡಿಂಗ್ ಆದ್ಮೇಲೆ 58.410 ಕೆಜಿ ಬಂತು, ಯೀಲ್ಡ್ 100.7 ಪರ್ಸೆಂಟ್. ಬ್ಯಾಲೆನ್ಸ್ ಕ್ಯಾಲಿಬ್ರೇಷನ್ ನೋಡಿದ್ವಿ, ಸರಿಯಾಗೇ ಇದೆ. ಎರಡಕ್ಕೂ ಲೇಔಟ್‌ನಲ್ಲಿ ಏನು ಬದಲಾಯಿಸ್ಬೇಕು?

ಹುಬ್ಬಳ್ಳಿ_ಫಾರ್ಮಾ
ಸರ್ ಅಷ್ಟ್ಯಾಕ ತಲಿ ಕೆಡಿಸ್ಕೋತೀರಿ, ಆ ಪೇಜ್ ತಗದು ಹೊಸಾ ಪೇಜಿನ್ಯಾಗ ಎರಡು ಸಾಲು ಹಾಕಿ ನೀಟಾಗಿ ಬರದು ಸೇರಿಸ್ರಿ. ಮುಂದಿನ ಬ್ಯಾಚಿಗೆ ಎಕ್ಸೆಲ್‌ನ್ಯಾಗ ಮಾಡ್ರಿ, ಎಷ್ಟ್ ಬೇಕಾದಷ್ಟು ಸಾಲು ಕೂಡಿಸಬಹುದು. ಲಾಟ್ ಪ್ರಕಾರ ತೋರಸೋದು ಏನೂ ಬೇಕಾಗಿಲ್ಲ, ಬ್ಲೆಂಡರ್‌ನ್ಯಾಗ ಎರಡೂ ಲಾಟ್ ಕೂಡೇ ಬಿಡ್ತಾವಲ್ಲ, ನಾಳೆ ರೀಕಾಲ್ ಬಂದ್ರೂ ಇಡೀ ಬ್ಯಾಚೇ ವಾಪಸ್ ಬರೋದು.

ಸಿರಪ್_ಮಂಗ್ಳೂರು
ನಮ್ಮಲ್ಲೂ ಇದೇ ಕತೆ ಮಾರಾಯ್ರೆ. ನಾವು ಲಿಕ್ವಿಡ್ ಮಾಡುದು, ಪ್ರೊಪಿಲೀನ್ ಗ್ಲೈಕಾಲ್ ಒಂದೇ ಎಆರ್ ನಂಬರ್ ಆದ್ರೂ ಡ್ರಮ್ ಬೇರೆ ಬೇರೆ. 2022ರಲ್ಲಿ ಗ್ಯಾಂಬಿಯಾದ ಸಿರಪ್ ವಿಷಯ ಆದ ಮೇಲೆ ಡೈಎಥಿಲೀನ್ ಗ್ಲೈಕಾಲ್ ಟೆಸ್ಟ್ ಪ್ರತಿ ಡ್ರಮ್‌ಗೆ ಮಾಡ್ಲಿಕ್ಕೆ ಶುರು ಮಾಡಿದ್ದೇವೆ, ಬಿಎಂಆರ್‌ನಲ್ಲೂ ಡ್ರಮ್ ನಂಬರ್ ಬರೀತೇವೆ. ನಿಮ್ಮದು ಡ್ರಮ್ ಎಷ್ಟು ಬಂದದ್ದು? ಪ್ರತಿ ಡ್ರಮ್‌ನ ಸ್ಯಾಂಪಲ್ ತೆಗ್ದಿದ್ದೀರಾ?

ಕ್ಯೂಎ_ಮೈಸೂರು
ಮಂಗ್ಳೂರಿನವ್ರೇ, ಅವ್ರು ಕೇಳ್ತಿರೋದು ಸ್ಯಾಂಪ್ಲಿಂಗ್ ಅಲ್ಲ. ಆದ್ರೆ ಡ್ರಮ್ ನಂಬರ್‌ಗೆ ಒಂದು ಕಾಲಂ ಬೇಕು ಅನ್ನೋದು ಅವ್ರಿಗೂ ಅನ್ವಯಿಸುತ್ತೆ.

ಪೀಣ್ಯದವ್ರೇ, ಮೊದಲು ಯೀಲ್ಡ್ ನೋಡೋಣ, ಅದಕ್ಕೂ ನಿಮ್ಮ ಒಂದೇ ಸಾಲಿಗೂ ಸಂಬಂಧ ಇದೆ. 50.528 ಹೇಗೆ ಬಂತು? ಎರಡೂ ಸಿಒಎ ನೋಡಿ ಅಸ್ಸೇ, ಎಲ್‌ಒಡಿ ಹೇಳಿ. ಸ್ಟಾರ್ಚ್ ತೂಕ ಬಿಎಂಆರ್‌ನಲ್ಲಿ ಪ್ರಿಂಟ್ ಆಗೇ ಬರುತ್ತಾ ಇಲ್ಲ ಕೈಯಲ್ಲಿ ಬರೀತೀರಾ?

ಟ್ಯಾಬ್ಲೆಟ್_ಪೀಣ್ಯ
ಮೇಡಂ, ಹಳೇದು ಅಸ್ಸೇ 99.4, ಎಲ್‌ಒಡಿ 0.3. ಹೊಸದು 99.1, 0.4. ತೂಕ ಕ್ಯೂಸಿಯವ್ರು ಚೀಟೀಲಿ ಲೆಕ್ಕ ಹಾಕಿ ಕೊಟ್ಟಿದ್ದು. ಸ್ಟಾರ್ಚ್ ಪ್ರಿಂಟ್ ಆಗೇ ಇರುತ್ತೆ, ಪ್ರತಿ ಬ್ಯಾಚ್‌ಗೂ ಅಷ್ಟೇ.

ಕ್ಯೂಎ_ಮೈಸೂರು
ಅಲ್ಲೇ ಇರೋದು ನೋಡಿ. ಹಳೇ 32 ಕೆಜಿಯಲ್ಲಿ ನಿಜವಾದ ಪ್ಯಾರಾಸಿಟಮಾಲ್ 32 × 0.994 × 0.997, ಅಂದ್ರೆ 31.713 ಕೆಜಿ. ಬೇಕಿರೋದು 50, ಉಳಿದ 18.287ನ್ನ ಹೊಸದರಿಂದ ತರ್ಬೇಕು, ಅದನ್ನ 0.991 × 0.996ರಿಂದ ಭಾಗಿಸಿದ್ರೆ 18.528. ಎರಡೂ ಸೇರಿ 50.528, ನಿಮ್ಮ ಕ್ಯೂಸಿ ಲೆಕ್ಕ ಸರಿ ಇದೆ. ಆದ್ರೆ ಈ ಹೆಚ್ಚುವರಿ 528 ಗ್ರಾಂನ ಸ್ಟಾರ್ಚಲ್ಲಿ ಕಳೀಬೇಕಿತ್ತು, ಸ್ಟಾರ್ಚ್ ತೂಕ ಪ್ರಿಂಟ್ ಆಗಿರೋದ್ರಿಂದ ಯಾರೂ ಕಳೀಲಿಲ್ಲ. ಒಳಗೆ ಹೋಗಿದ್ದು 58.528, ನೀವು ಭಾಗಿಸ್ತಿರೋದು 58ರಿಂದ. 58.410ನ್ನ 58.528ರಿಂದ ಭಾಗಿಸಿ, 99.8 ಬರುತ್ತೆ.

ಇದು ಬರೀ ಕಾಗದದ ಮೇಲಿನ ತೊಂದ್ರೆ ಅಲ್ಲ. 58.528 ಕೆಜಿಯಲ್ಲಿ 50 ಕೆಜಿ ಔಷಧಿ ಹರಡಿದೆ, ನೀವು ಕಂಪ್ರೆಷನ್‌ನಲ್ಲಿ ಅದೇ 580 ಮಿಗ್ರಾಂ ಹಿಡೀತೀರಿ, ಹಾಗಾದ್ರೆ ಒಂದು ಮಾತ್ರೇಲಿ ಸುಮಾರು 495.5 ಮಿಗ್ರಾಂ. ಐಪಿ ಮಿತಿ 95ರಿಂದ 105, ಆದ್ರಿಂದ ಬ್ಯಾಚ್ ಪಾಸ್ ಆಗುತ್ತೆ, ಯಾರ ಕಣ್ಣಿಗೂ ಬೀಳಲ್ಲ. ಹಿಂದಿನ ಬ್ಯಾಚ್‌ಗಳ ಅಸ್ಸೇ ತೆಗೆದು ಸಾಲಾಗಿ ಇಟ್ಟು ನೋಡಿ, ಎಲ್ಲಾ 100ರ ಕೆಳಗೇ ಕೂತಿದ್ರೆ ಇದೇ ಕಾರಣ ಇರಬಹುದು. ಸ್ಟಾರ್ಚ್ ಸರಿ ಮಾಡಿದ ಮೇಲೂ ಯೀಲ್ಡ್ 100 ದಾಟಿದ್ರೆ ಆಗ ಗ್ರಾನ್ಯೂಲ್ ಎಲ್‌ಒಡಿ ನೋಡಿ, ಸರಿಯಾಗಿ ಒಣಗದೆ ನೀರು ಉಳಿದಿರುತ್ತೆ.

ಈಗ ಲೇಔಟ್. ಆ ಚೀಟಿ ಲೆಕ್ಕ ಬಿಎಂಆರ್ ಒಳಗೇ, ಡಿಸ್ಪೆನ್ಸಿಂಗ್‌ಗೆ ಮುಂಚಿನ ಪೇಜಲ್ಲಿ ಬರ್ಲಿ, ಲೆಕ್ಕ ಹಾಕಿದವ್ರು ಒಬ್ರು, ಪರಿಶೀಲಿಸಿದವ್ರು ಇನ್ನೊಬ್ರು ಸಹಿ ಮಾಡ್ಲಿ, ಕೊನೇ ಸಾಲಲ್ಲಿ ತಿದ್ದಿದ ಸ್ಟಾರ್ಚ್ ತೂಕ ಬರ್ಲಿ. ಡಿಸ್ಪೆನ್ಸಿಂಗ್ ಪೇಜಲ್ಲಿ ಪ್ಯಾರಾಸಿಟಮಾಲ್‌ಗೆ ಮೂರು ಸಾಲು ಮೊದಲೇ ಪ್ರಿಂಟ್ ಮಾಡ್ಸಿ. ಪ್ರತಿ ಸಾಲಿಗೂ ಅದರದ್ದೇ ಎಆರ್ ನಂಬರ್, ಡ್ರಮ್ ನಂಬರ್, ಗ್ರಾಸ್, ಟೇರ್, ನೆಟ್, ಹೊತ್ತು, ತೂಗಿದವ್ರ ಸಹಿ, ನೋಡಿದವ್ರ ಸಹಿ, ಜೊತೆಗೆ ಯಾವ ಗ್ರಾನ್ಯುಲೇಷನ್ ಲಾಟ್‌ಗೆ ಅನ್ನೋ ಚಿಕ್ಕ ಕಾಲಂ. ಬಳಸದ ಸಾಲಿಗೆ ಗೆರೆ ಹೊಡೆದು ಸಹಿ, ತಾರೀಕು. ನಿಮ್ಮ ಬ್ಯಾಚಲ್ಲಿ ಲಾಟ್ 1ಕ್ಕೆ ಹಳೇದು 25.227, ಲಾಟ್ 2ಕ್ಕೆ ಹಳೇದು 6.773 ಮತ್ತೆ ಹೊಸದು 18.528, ಹೀಗೆ ಮೂರು ಸಾಲು ತುಂಬಿರೋದು. ಆಗ ಎರಡೂ ಲಾಟ್‌ಗೆ ಸರಿಯಾಗಿ 25 ಕೆಜಿ ಔಷಧಿ ಬೀಳುತ್ತೆ.

ಹುಬ್ಬಳ್ಳಿಯವ್ರೇ, ರೀಕಾಲ್ ಬಗ್ಗೆ ನೀವು ಹೇಳಿದ್ದು ನಿಜ. ಆದ್ರೆ ಲಾಟ್ 2 ಮಾತ್ರ ಒಣಗೋಕೆ ಜಾಸ್ತಿ ಹೊತ್ತು ತಗೊಂಡ್ರೆ, ಅದಕ್ಕೆ ಹೊಸ ಮೆಟೀರಿಯಲ್ ಕಾರಣನಾ ಡ್ರೈಯರ್ ಕಾರಣನಾ ಅಂತ ಹುಡುಕೋಕೆ ಈ ಕಾಲಂ ಬೇಕೇ ಬೇಕು. ಪೇಜ್ ತೆಗೆದು ಹೊಸದಾಗಿ ಬರೆಯೋದು ಮಾತ್ರ ದಯವಿಟ್ಟು ಯಾರಿಗೂ ಹೇಳ್ಬೇಡಿ, ಅದು ದಾಖಲೆ ತಿರುಚಿದ ಹಾಗೆ. ಹಳೇ ಪೇಜ್ ಹಾಗೇ ಇರ್ಬೇಕು. ಡೀವಿಯೇಷನ್ ತೆಗೀರಿ, ಸ್ಟೋರ್ಸ್ ಬಿನ್ ಕಾರ್ಡ್, ಡಿಸ್ಪೆನ್ಸಿಂಗ್ ಲೇಬಲ್ ನೋಡಿ ತಿಳಿದದ್ದನ್ನ ಇವತ್ತಿನ ತಾರೀಕು ಹಾಕಿ ಅಲ್ಲಿ ಬರೀರಿ.

ಹುಬ್ಬಳ್ಳಿ_ಫಾರ್ಮಾ
ಆತ್ರಿ ಮೇಡಂ, ಪೇಜಿನ ವಿಷಯ ಒಪ್ಪಿದೆ. ಎಕ್ಸೆಲ್ ಆದ್ರೂ ನಡೀತದೋ ಇಲ್ಲೋ? ಆಮ್ಯಾಲೆ ಅಸ್ಸೇ 100.3 ಬಂದ್ರ 100 ಅಂತ ಹಿಡೀಬೇಕೋ, ಹಂಗ ಹಿಡೀಬೇಕೋ?

ಕ್ಯೂಎ_ಮೈಸೂರು
ಎಕ್ಸೆಲ್ ಲೆಕ್ಕಕ್ಕೆ ಆಗುತ್ತೆ, ಫಾರ್ಮುಲಾ ಸೆಲ್ ಲಾಕ್ ಮಾಡಿ, ಕೈಲೆಕ್ಕದ ಜೊತೆ ತಾಳೆ ನೋಡಿ ವ್ಯಾಲಿಡೇಟ್ ಮಾಡಿ. ಆದ್ರೆ ಬೇಕಾದಾಗ ಸಾಲು ಕೂಡಿಸೋದು ಬೇಡ, ಬ್ಯಾಚ್‌ಗೆ ಕೊಡೋ ಕಾಪಿ ಮಾಸ್ಟರ್‌ನದ್ದೇ ಆಗಿರ್ಬೇಕು, ಕ್ಯೂಎ ಇಶ್ಯೂ ಸಹಿ ಇರ್ಬೇಕು. 100 ದಾಟಿದ್ರೆ ನಾವು 100 ಅಂತ್ಲೇ ಹಿಡೀತೀವಿ.

ಸಿರಪ್_ಮಂಗ್ಳೂರು
ನಾವು 100.3 ಅಂದ್ರೆ 100.3 ಅಂತ್ಲೇ ಹಿಡಿಯುದು. ಎಸ್‌ಒಪಿಯಲ್ಲಿ ಹಾಗೇ ಉಂಟು, ಇನ್‌ಸ್ಪೆಕ್ಷನ್‌ನಲ್ಲಿ ಯಾರೂ ಕೇಳ್ಲಿಲ್ಲ. ಸಹಿ ವಿಷಯ ಒಂದು ಹೇಳ್ಬೇಕು, ಬ್ಯಾಲೆನ್ಸ್ ಪ್ರಿಂಟೌಟಿನ ಟೈಮ್ ನೋಡಿ ಟ್ಯಾಲಿ ಮಾಡಿ. ನಮ್ಮಲ್ಲಿ ಒಬ್ಬ ಕೆಮಿಸ್ಟ್ 10.40ಕ್ಕೆ ತೂಕ ನೋಡಿದ್ದೇನೆ ಅಂತ ಸಹಿ, ಅದೇ 10.40ಕ್ಕೆ ಬೇರೆ ರೂಮಿನಲ್ಲಿ ಸಿಫ್ಟಿಂಗ್‌ಗೂ ಸಹಿ. ಕೊನೇಲಿ ಒಟ್ಟಿಗೆ ಸಹಿ ಮಾಡಿದ್ರೆ ಹೀಗೇ ಆಗುದು. ಥರ್ಮಲ್ ಪೇಪರ್ ಆದ್ರೆ ಅದ್ರ ಜೆರಾಕ್ಸ್ ತೆಗ್ದು ಸಹಿ ಮಾಡಿ ಎರಡೂ ಅಂಟಿಸಿ, ಇಲ್ಲದಿದ್ರೆ ಅಕ್ಷರ ಮಾಸಿ ಹೋಗ್ತದೆ.

ಟ್ಯಾಬ್ಲೆಟ್_ಪೀಣ್ಯ
ಬಿನ್ ಕಾರ್ಡ್ ನೋಡಿದೆ, ಹಳೇ ಎಆರ್ ಅವತ್ತು ಪೂರ್ತಿ ಸೊನ್ನೆ, ಹೊಸದರಲ್ಲಿ 18.528 ಇಳಿದಿದೆ. ಹಿಂದಿನ ಬ್ಯಾಚ್‌ಗಳ ಅಸ್ಸೇನೂ ಮೇಡಂ ಹೇಳಿದ ಹಾಗೇ 99ರ ಆಸುಪಾಸು ಇದೆ, ಸ್ಟಾರ್ಚ್ ತಿದ್ದುಪಡಿಗೆ ಚೇಂಜ್ ಕಂಟ್ರೋಲ್ ಶುರು ಮಾಡಿದೀವಿ. ಯಾವ ಲಾಟ್‌ಗೆ ಯಾವ್ದು ಹೋಯ್ತು ಅನ್ನೋದಕ್ಕೆ ಮಾತ್ರ ಲೇಬಲ್‌ನಲ್ಲೂ ಪುರಾವೆ ಇಲ್ಲ, ಡೀವಿಯೇಷನ್‌ನಲ್ಲಿ ಹಾಗೇ ಬರೀತಿದೀವಿ. ಪ್ರತಿ ತೂಕಕ್ಕೂ ಕ್ಯೂಎ ಬಂದು ನಿಲ್ಬೇಕಾ, ಪ್ರೊಡಕ್ಷನ್‌ನ ಎರಡನೇ ಕೆಮಿಸ್ಟ್ ಸಾಕಾ? ನಮ್ಮಲ್ಲಿ ಕ್ಯೂಎಗೆ ಇರೋದೇ ಇಬ್ರು. ನಿಮ್ಮಲ್ಲಿ ಹೇಗೆ ಮಾಡ್ತೀರಿ ಹೇಳಿ.