ಸಹಾಯ ಬೇಕು: ಬೆನ್ನಿನ ಒಂದು ಕಪ್ಪು ಮಚ್ಚೆಗೆ ಡರ್ಮೋಸ್ಕೋಪಿ, ಹಾಸನದ ಹತ್ತಿರ ಎಲ್ಲಿ?

ರೋಗಿಗೆ 64 ವರ್ಷ. ಬೆನ್ನಿನ ತುಂಬ ಕಂದು ಮಚ್ಚೆಗಳಿವೆ. ಹೆಚ್ಚಿನವು ಸೆಬೊರ‍್ಹೀಕ್ ಕೆರಟೋಸಿಸ್ ಎಂಬ ಅಪಾಯವಿಲ್ಲದ ಬೆಳವಣಿಗೆಗಳು ಎನ್ನುವುದರಲ್ಲಿ ಅನುಮಾನವಿಲ್ಲ: ಮೇಣ ಮೆತ್ತಿದಂತೆ ಚರ್ಮದ ಮೇಲೆ ಕೂತಿವೆ, ಅಂಚು ಸ್ಪಷ್ಟ, ಮುಟ್ಟಿದರೆ ಒರಟು, ವರ್ಷಗಳಿಂದ ಹಾಗೇ ಇವೆ.

ಭುಜದ ಕೆಳಗಿನದು ಮಾತ್ರ ಬೇರೆ. ಸುಮಾರು 9 ಮಿ.ಮೀ., ಒಂದು ಬದಿ ಕಂದು, ಇನ್ನೊಂದು ಬದಿ ನೀಲಿ ಮಿಶ್ರಿತ ಕಪ್ಪು. ನಾಲ್ಕು ತಿಂಗಳಲ್ಲಿ ದೊಡ್ಡದಾಗಿದೆ, ಒರಟುತನವೂ ಇಲ್ಲ. ಕೆರಟೋಸಿಸ್ ಕೂಡ ಕಡುಕಪ್ಪಾಗಬಹುದು, ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಕೂಡ ಅದರಂತೆ ಕಾಣಬಹುದು. ಬರಿಗಣ್ಣು ಇಲ್ಲಿ ಸಾಲದು, ಚರ್ಮವನ್ನು ಹಿಗ್ಗಿಸಿ ತೋರಿಸುವ ಡರ್ಮೋಸ್ಕೋಪ್ ಬೇಕು. ಡರ್ಮೋಸ್ಕೋಪ್‌ನಲ್ಲಿ ಬಿಳಿ ಚುಕ್ಕೆಗಳಂಥ ಪುಟ್ಟ ಸಿಸ್ಟ್‌ಗಳು, ಕಪ್ಪು ಬಿರಡೆ ತುಂಬಿದ ರಂಧ್ರಗಳು ಕಂಡರೆ ಕೆರಟೋಸಿಸ್ ಕಡೆಗೆ ವಾಲಬಹುದು. ಅವು ಇದ್ದರೂ ಅಸ್ತವ್ಯಸ್ತ ಬಣ್ಣದ ಜಾಲ ಅಥವಾ ನೀಲಿ-ಬಿಳಿ ಮುಸುಕು ಕಂಡರೆ ಬಯಾಪ್ಸಿಯೇ ಆಗಬೇಕು.

ಮನೆಯವರು ಬೇರೆ ಕಡೆ ಸುಡಿಸಲು ಹೊರಟಿದ್ದಾರೆ. ದಯವಿಟ್ಟು ಯಾರೂ ಅದಕ್ಕೆ ಒಪ್ಪಬೇಡಿ. ಸುಟ್ಟರೆ ಪರೀಕ್ಷೆಗೆ ಕಳಿಸಲು ತುಣುಕೇ ಉಳಿಯುವುದಿಲ್ಲ.

ಈ ವಾರವೇ ನೋಡಬಲ್ಲ, ಅಗತ್ಯ ಬಿದ್ದರೆ ಪೂರ್ತಿ ಕತ್ತರಿಸಿ ತೆಗೆಯಬಲ್ಲ ಚರ್ಮರೋಗ ತಜ್ಞರು ಹಾಸನ, ಮೈಸೂರಿನಲ್ಲಿ ಯಾರಿದ್ದಾರೆ, ತಿಳಿಸಿ.