ಪದಚರ್ಚೆ: ಟೆಸ್ಟಿಂಗ್ ಪಟ್ಟಿಯಲ್ಲಿ ‘ಲೈಕ್ಲಿಹುಡ್’, ‘ಇಂಪ್ಯಾಕ್ಟ್’ ಕಾಲಂಗಳಿಗೆ ಏನು ಹೆಸರಿಡೋಣ?

ವೀಣಾ:

ಎಲ್ಲರಿಗೂ ನಮಸ್ಕಾರ.

ನಮ್ಮ ಟೆಸ್ಟಿಂಗ್ ತಂಡಕ್ಕೆ ಕನ್ನಡದಲ್ಲೇ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಅದರಲ್ಲಿ ಒಂದು ಅಧ್ಯಾಯ ರಿಸ್ಕ್ ಬೇಸ್ಡ್ ಟೆಸ್ಟಿಂಗ್ ಬಗ್ಗೆ. ಫೀಚರ್‌ಗಳು ಜಾಸ್ತಿ, ಟೆಸ್ಟ್ ಮಾಡಲು ಸಮಯ ಕಡಿಮೆ. ಹಾಗಾಗಿ ಪ್ರತಿ ಫೀಚರ್‌ಗೂ ಎರಡು ಅಂಕ ಕೊಡುತ್ತೇವೆ. ಅದು ಎಷ್ಟು ಸುಲಭವಾಗಿ ಕೆಡಬಹುದು ಅನ್ನೋದಕ್ಕೆ ಒಂದು, ಕೆಟ್ಟರೆ ಎಷ್ಟು ತೊಂದರೆ ಅನ್ನೋದಕ್ಕೆ ಇನ್ನೊಂದು. ಎರಡೂ 1ರಿಂದ 5ರವರೆಗೆ. ಎರಡನ್ನೂ ಗುಣಿಸಿ, ಜಾಸ್ತಿ ಬಂದದ್ದಕ್ಕೆ ಜಾಸ್ತಿ ಸಮಯ.

ಕರಡಿನಲ್ಲಿ ಈ ಕಾಲಂಗಳಿಗೆ ‘ಸಾಧ್ಯತೆ’, ‘ಪರಿಣಾಮ’ ಅಂತ ಹೆಸರಿಟ್ಟು ತಂಡದವರಿಗೆ ತುಂಬಲು ಕೊಟ್ಟೆ. ನಮ್ಮದು ಬ್ಯಾಂಕಿನ ಮೊಬೈಲ್ ಆ್ಯಪ್. ಹಣ ವರ್ಗಾವಣೆಯ ಸಾಲಿನಲ್ಲಿ ‘ಪರಿಣಾಮ’ದ ಕೆಳಗೆ ಒಬ್ಬರು ‘ಹಣ ಇನ್ನೊಂದು ಖಾತೆಗೆ ಹೋಗುತ್ತದೆ’ ಅಂತ ಬರೆದಿದ್ದಾರೆ. ಎಲ್ಲ ಸರಿಯಾಗಿ ನಡೆದರೆ ಏನಾಗುತ್ತೆ ಅನ್ನೋದು ಅದು. ‘ಸಾಧ್ಯತೆ’ಯ ಕೆಳಗೆ ಮತ್ತೊಬ್ಬರು ಅಂಕದ ಬದಲು ‘ಇದೆ’, ‘ಇಲ್ಲ’ ಅಂತ ತುಂಬಿದ್ದಾರೆ. ಅವರ ತಪ್ಪಲ್ಲ, ಪದಗಳು ಹಾಗೆ ಕೇಳುತ್ತವೆ. ನೋಡಿದ ಕೂಡಲೇ ಏನು ತುಂಬಬೇಕು ಅಂತ ಗೊತ್ತಾಗುವ ಹೆಸರು ಬೇಕು. ದಯವಿಟ್ಟು ಹೇಳಿ.

ಮಂಜುನಾಥ:

ವೀಣಾ ಅವರೇ, ಮೊದಲನೆಯದಕ್ಕೆ ‘ಸಂಭವನೀಯತೆ’ ಇದೆಯಲ್ಲ? ಗಣಿತದ ಪಠ್ಯದಲ್ಲಿ ಎಲ್ಲರೂ ಓದಿದ ಪದ. ‘ಇದೆ’, ‘ಇಲ್ಲ’ ಅಂತ ಯಾರೂ ತುಂಬಲ್ಲ, ಎಷ್ಟು ಅಂತಲೇ ಯೋಚಿಸುತ್ತಾರೆ. ಎರಡನೆಯದಕ್ಕೆ ‘ಪ್ರಭಾವ’ ಸಾಕು.

ಇನ್ನೊಂದು ಮಾತು. ರಿಸ್ಕ್ ಪಟ್ಟಿ ಅಂದಮೇಲೆ ಟೆಸ್ಟರ್ ರಜೆ ಹಾಕುವುದು, ಟೆಸ್ಟ್ ಸರ್ವರ್ ಸಿಗದೇ ಇರುವುದು, ಬಿಲ್ಡ್ ತಡವಾಗುವುದು ಇವೂ ಇರಬೇಕು. ನಾನು ಪ್ರಾಜೆಕ್ಟ್ ನೋಡಿಕೊಳ್ಳುವವನು, ನನ್ನ ಪಟ್ಟಿಯಲ್ಲಿ ಇವೇ ಮೊದಲು ಬರುತ್ತವೆ.

ಶಾರದಾ:

ನಾನು ಸಾಫ್ಟ್‌ವೇರ್‌ನವಳಲ್ಲ. ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗ ನನ್ನದು. ನಮ್ಮಲ್ಲಿ ಯಾವ ಭಾಗ ಹೇಗೆ ಕೆಡಬಹುದು ಅಂತ ಮೊದಲೇ ಯೋಚಿಸಿ ಎಫ್‌ಎಂಇಎ ಅಂತ ಹಾಳೆ ತುಂಬುತ್ತೇವೆ, ನಿಮ್ಮದಕ್ಕೆ ಅಕ್ಕನ ಹಾಗಿದೆ. ನಮಗೆ ಅಂಕ ಎರಡಲ್ಲ, ಮೂರು. ಕೆಟ್ಟರೆ ಎಷ್ಟು ಗಂಭೀರ, ಎಷ್ಟು ಸಲ ಆಗಬಹುದು, ಆದದ್ದು ನಮ್ಮ ಕಣ್ಣಿಗೆ ಬೀಳುವುದು ಎಷ್ಟು ಕಷ್ಟ. ಪ್ರತಿಯೊಂದೂ 1ರಿಂದ 10. ಮೂರನ್ನೂ ಗುಣಿಸಿದರೆ ಬರುವ ಅಂಕಕ್ಕೆ ಆರ್‌ಪಿಎನ್ ಅನ್ನುತ್ತೇವೆ.

ಇದನ್ನು ಹೇಳಲು ಕಾರಣವಿದೆ. ಬ್ರೇಕ್ ಕೆಲಸ ಮಾಡದಿರುವಂಥ ದೋಷಕ್ಕೆ ಗಂಭೀರತೆ 10, ಆಗುವುದು ತೀರಾ ಅಪರೂಪ ಅಂತ 2, ಕಣ್ಣಿಗೆ ಬೀಳುವ ಕಷ್ಟ 3 ಅಂತಿಟ್ಟುಕೊಳ್ಳಿ. ಗುಣಿಸಿದರೆ 60. ಬಣ್ಣದ ಮೇಲೊಂದು ಗೀರು, ಗಂಭೀರತೆ 2, ಆಗಾಗ ಆಗುತ್ತೆ ಅಂತ 10, ಕಣ್ಣಿಗೆ ಬೀಳುವ ಕಷ್ಟ 3. ಅದೂ 60! ಎರಡೂ ಒಂದೇ ಅಂತ ಯಾರಾದರೂ ಒಪ್ಪುತ್ತಾರಾ? ಇಂಥ ತೊಂದರೆಗಳಿಂದಲೇ ವಾಹನ ಉದ್ಯಮದ ಸಂಘಟನೆಗಳಾದ ಅಮೆರಿಕದ ಎಐಎಜಿ, ಜರ್ಮನಿಯ ವಿಡಿಎ ಸೇರಿ 2019ರಲ್ಲಿ ತಂದ ಕೈಪಿಡಿಯಲ್ಲಿ ಆರ್‌ಪಿಎನ್ ಬಿಟ್ಟು, ಗಂಭೀರತೆಗೆ ಮೊದಲ ಮಣೆ ಹಾಕುವ ಬೇರೆ ಕೋಷ್ಟಕ ಕೊಟ್ಟರು. ಹೆಸರು ಏನೇ ಇಡಿ, ಗುಣಾಕಾರವನ್ನು ಸುಮ್ನೆ ನಂಬಬೇಡಿ.

ನಾವು ಮಾತಾಡುವಾಗ ‘ಗಂಭೀರತೆ’ ಅಂತಲೇ ಅನ್ನುವುದು. ನಿಮಗೆ ಹೊಂದುತ್ತಾ ನೋಡಿ.

ರಾಘವೇಂದ್ರ:

ಶಾರದಾ ಮೇಡಂ ಹೇಳಿದ್ದು ನಮ್ಮ ಕೆಲಸಕ್ಕೂ ಅಷ್ಟೇ ನಿಜ. ಆದರೆ ‘ಗಂಭೀರತೆ’ ಬೇಡ ಅನ್ನಿಸುತ್ತೆ. ಟೆಸ್ಟಿಂಗ್‌ನಲ್ಲಿ ಸಿಕ್ಕ ಬಗ್‌ಗೆ ‘ಸಿವಿಯಾರಿಟಿ’ ಅಂತ ಹಾಕುವ ರೂಢಿ ಮೊದಲೇ ಇದೆ. ವೀಣಾ ಅವರ ಪಟ್ಟಿ ಬಗ್ ಸಿಗುವ ಮೊದಲು ತುಂಬುವಂಥದ್ದು. ಒಂದೇ ಪದ ಎರಡೂ ಕಡೆ ಬಂದರೆ ಗೊಂದಲವೇ.

ಮಂಜುನಾಥ್ ಸಾರ್, ‘ಎಷ್ಟು’ ಅನ್ನುವ ಪ್ರಶ್ನೆ ಹುಟ್ಟಿಸುವ ಪದ ಬೇಕು ಅನ್ನುವುದು ಸರಿ. ಆದರೆ ‘ಸಂಭವನೀಯತೆ’ ಅಂದ ಕೂಡಲೇ 0ಯಿಂದ 1ರೊಳಗಿನ ಸಂಖ್ಯೆ ನೆನಪಿಗೆ ಬರುತ್ತೆ. ಇಲ್ಲಿ 4 ಅಂದರೆ ನೂರಕ್ಕೆ ಎಂಬತ್ತು ಅಲ್ಲ. 2ಕ್ಕಿಂತ 4 ಎರಡು ಪಟ್ಟು ಅಂತಲೂ ಅಲ್ಲ. ‘ಇದಕ್ಕಿಂತ ಅದು ಕೆಡುವುದು ಜಾಸ್ತಿ’ ಅನ್ನುವ ಕ್ರಮ ಮಾತ್ರ. ನಾನು ‘ಕೆಡುವ ಸಂಭವ’ ಅನ್ನುತ್ತೇನೆ. ಯಾವುದರ ಸಂಭವ ಅನ್ನುವುದು ಹೆಸರಿನಲ್ಲೇ ಬಂತು. ಎರಡನೆಯದಕ್ಕೆ ‘ಕೆಟ್ಟರೆ ಹಾನಿ’.

ರಜೆ, ಸರ್ವರ್, ಬಿಲ್ಡ್ ಇವು ಕೆಲಸಕ್ಕೆ ಬರುವ ತೊಡಕುಗಳು. ನೀವು ಅವನ್ನು ನೋಡಿಕೊಳ್ಳಲೇಬೇಕು. ಆದರೆ ಎಷ್ಟೇ ಟೆಸ್ಟ್ ಮಾಡಿದರೂ ಟೆಸ್ಟರ್‌ನ ರಜೆ ಕಡಿಮೆಯಾಗಲ್ಲ. ಈ ಪಟ್ಟಿಗೆ ಬರಬೇಕಾದದ್ದು ಟೆಸ್ಟ್ ಮಾಡಿದರೆ ಗೊತ್ತಾಗುವ, ಆ್ಯಪ್‌ನೊಳಗಿನ ಅಪಾಯ ಮಾತ್ರ. ಎರಡನ್ನೂ ಬೆರೆಸಿದರೆ ಮೇಲಿನ ಸಾಲುಗಳೆಲ್ಲ ಪ್ರಾಜೆಕ್ಟಿನದೇ ಆಗಿ, ಯಾವ ಫೀಚರ್‌ಗೆ ಎಷ್ಟು ಹೊತ್ತು ಅನ್ನುವ ಉತ್ತರ ಸಿಗಲ್ಲ.

ವೀಣಾ ಅವರ ಆ್ಯಪ್‌ನಂಥದ್ದನ್ನೇ ಹಿಡಿದು ಒಂದು ಲೆಕ್ಕ ಹಾಕುತ್ತೇನೆ. ಟೆಸ್ಟ್‌ಗೆ 40 ಗಂಟೆ ಇದೆ ಅಂದುಕೊಳ್ಳಿ. ಹಣ ವರ್ಗಾವಣೆಯ ಕೋಡ್ ಬಹಳ ಕಾಲದಿಂದ ಯಾರೂ ಮುಟ್ಟಿಲ್ಲ, ಸಂಭವ 2. ಕೆಟ್ಟರೆ ಹಾನಿ 5. ಗುಣಿಸಿದರೆ 10. ದಿನದ ಮಿತಿ ಬದಲಿಸುವ ಫೀಚರ್ ಈ ಸಲ ಹೊಸದಾಗಿ ಬರೆದದ್ದು, ಸಂಭವ 4, ಹಾನಿ 4, ಅಂದರೆ 16. ಸ್ಟೇಟ್‌ಮೆಂಟ್ ಪಿಡಿಎಫ್‌ಗೆ ಲೈಬ್ರರಿ ಬದಲಾಗಿದೆ, ಸಂಭವ 4, ಹಾನಿ 2, ಅದು 8. ಬಣ್ಣದ ಥೀಮ್ ಪೂರ್ತಿ ಹೊಸದು, ಸಂಭವ 5, ಹಾನಿ 1. ಪಾಸ್‌ವರ್ಡ್ ಮರೆತರೆ ಮರಳಿ ಪಡೆಯುವುದನ್ನು ಯಾರೂ ಮುಟ್ಟಿಲ್ಲ, ಸಂಭವ 1, ಆದರೆ ಬೇರೆಯವರಿಗೆ ದಾರಿ ಬಿಟ್ಟುಕೊಟ್ಟರೆ ಹಾನಿ 5.

ಕೊನೆಯ ಎರಡೂ 5. ಇಲ್ಲೇ ಶಾರದಾ ಮೇಡಂ ಮಾತು ಬರುವುದು. ಗುಣಿಸಿದ ಅಂಕ ನೋಡಿ ಎರಡಕ್ಕೂ ಒಂದೇ ಸಮಯ ಕೊಟ್ಟರೆ ತಪ್ಪು. ಹಾನಿ 5 ಇರುವ ಯಾವುದನ್ನೂ, ಸಂಭವ ಎಷ್ಟೇ ಕಡಿಮೆ ಇರಲಿ, ಒಂದು ಸಲವಾದರೂ ಮುಖ್ಯ ದಾರಿಗಳಲ್ಲಿ ನಡೆಸಿ ನೋಡದೆ ಬಿಡಬಾರದು ಅಂತ ನಿಯಮ ಇಟ್ಟುಕೊಳ್ಳಿ. ನಾನಾದರೆ ಮಿತಿಗೆ 16 ಗಂಟೆ, ವರ್ಗಾವಣೆಗೆ 12, ಪಿಡಿಎಫ್‌ಗೆ 6, ಪಾಸ್‌ವರ್ಡ್‌ಗೆ 4, ಥೀಮ್‌ಗೆ 2 ಕೊಡುತ್ತೇನೆ. ಅಂಕದ ಪ್ರಕಾರ ಸರಿಯಾಗಿ ಪಾಲು ಮಾಡಿದ್ದಲ್ಲ ಇದು. ಯಾವುದು ಮೊದಲು ಅಂತ ಅಂಕ ಸಾಲು ಹಚ್ಚಿಕೊಡುತ್ತೆ, ಗಂಟೆ ನಾವೇ ಯೋಚಿಸಿ ಹಾಕಬೇಕು.

ಅಂಕ ಯಾರು ಕೊಡುತ್ತಾರೆ ಅನ್ನುವುದನ್ನೂ ಕೈಪಿಡಿಯಲ್ಲಿ ಬರೆಯಿರಿ. ಕೆಡುವ ಸಂಭವ ಗೊತ್ತಿರುವುದು ಕೋಡ್ ಬರೆದವರಿಗೆ ಮತ್ತು ಹಳೆಯ ಬಗ್‌ಗಳ ಪಟ್ಟಿ ನೋಡಿದವರಿಗೆ. ಹಾನಿ ಗೊತ್ತಿರುವುದು ಗ್ರಾಹಕರ ದೂರು ಕೇಳುವವರಿಗೆ. ಇಬ್ಬರ ಅಂಕ ಬೇರೆ ಬೇರೆ ಬಂದರೆ ಸರಾಸರಿ ತೆಗೆಯಲೇಬೇಡಿ. ನಾನು ಕೂತಿದ್ದ ಒಂದು ಸಭೆಯಲ್ಲಿ ಮಿತಿ ಬದಲಿಸುವ ಇಂಥದ್ದೇ ಫೀಚರ್‌ಗೆ ಡೆವಲಪರ್ 2 ಕೊಟ್ಟರು, ಟೆಸ್ಟರ್ 5 ಕೊಟ್ಟರು. ಯಾಕೆ ಅಂತ ಕೇಳಿದರೆ, ದಿನದ ಮಿತಿ ಮಧ್ಯರಾತ್ರಿಗೆ ಹೊಸದಾಗಿ ಶುರುವಾಗಬೇಕಲ್ಲ, ಆ ಮಧ್ಯರಾತ್ರಿ ಯಾರ ಗಡಿಯಾರದ್ದು ಅನ್ನುವುದು ಟೆಸ್ಟರ್ ಪ್ರಶ್ನೆ. ಫೋನ್ ಒಂದು ಸಮಯ ತೋರಿಸುತ್ತೆ, ಸರ್ವರ್ ಇನ್ನೊಂದು. ಡೆವಲಪರ್ ಅದನ್ನು ಯೋಚಿಸಿಯೇ ಇರಲಿಲ್ಲ. ಸರಾಸರಿ ಅಂತ 3.5 ಬರೆದು ಮುಂದೆ ಹೋಗಿದ್ದರೆ ಆ ಪ್ರಶ್ನೆ ಹೊರಗೆ ಬರುತ್ತಲೇ ಇರಲಿಲ್ಲ. ಟೆಸ್ಟ್ ಕೇಸ್‌ಗಳು ಹುಟ್ಟಿದ್ದೇ ಆ ಮಾತಿನಿಂದ.

ಗಿರೀಶ್:

‘ಕೆಡುವ ಸಂಭವ’ ಚೆನ್ನಾಗಿದೆ, ಒಪ್ಪಿದೆ. ‘ಹಾನಿ’ ಮಾತ್ರ ಒಪ್ಪಲಾರೆ. ಹಾನಿ ಅಂದರೆ ಜನ ದುಡ್ಡಿನ ನಷ್ಟವನ್ನೇ ಯೋಚಿಸುತ್ತಾರೆ. ಸ್ಟೇಟ್‌ಮೆಂಟ್‌ನಲ್ಲಿ ಬೇರೆಯವರ ಖಾತೆಯ ವಿವರ ಬಂದರೆ ಒಂದು ಪೈಸೆಯೂ ಹೋಗಲ್ಲ, ಆದರೆ ನಂಬಿಕೆ ಹೋಯ್ತು, ಕಾನೂನಿನ ತೊಂದರೆ ಬಂತು. ರಾಘವೇಂದ್ರ ಅವರು ಪಿಡಿಎಫ್‌ಗೆ ಹಾನಿ 2 ಅಂತ ಕೊಟ್ಟಿದ್ದು ಈ ಕಾರಣಕ್ಕೇ ಇರಬಹುದಾ? ನನ್ನ ಸಲಹೆ ‘ಬೀಳುವ ಪೆಟ್ಟು’. ದುಡ್ಡಿಗೂ ಪೆಟ್ಟು ಬೀಳುತ್ತೆ, ಹೆಸರಿಗೂ ಬೀಳುತ್ತೆ.

ರಾಘವೇಂದ್ರ:

ಗಿರೀಶ್, ಒಳ್ಳೆಯ ಪ್ರಶ್ನೆ. ನಾನು 2 ಕೊಡುವಾಗ ಯೋಚಿಸಿದ್ದು ಪುಟದ ಅಂಚು ಕತ್ತರಿಸಿಹೋಗುವುದು, ಅಕ್ಷರ ಸರಿಯಾಗಿ ಮೂಡದಿರುವುದು. ಲೈಬ್ರರಿ ಬದಲಾದಾಗ ಹೆಚ್ಚಾಗಿ ಆಗುವುದು ಅದೇ. ಬೇರೆಯವರ ವಿವರ ಬರುವುದು ಬೇರೆಯೇ ಅಪಾಯ. ಅದಕ್ಕೆ ಸಂಭವ 1, ಹಾನಿ 5 ಅಂತ ಬೇರೆ ಸಾಲು ಬೇಕು, ನನ್ನ ನಿಯಮದ ಪ್ರಕಾರ ಅದನ್ನೂ ನಡೆಸಿ ನೋಡಬೇಕು. ಒಂದು ಫೀಚರ್‌ಗೆ ಒಂದೇ ಸಾಲು ಅಂತ ಪಟ್ಟಿ ಮಾಡಿದರೆ ಇಂಥವು ಅಡಗಿಬಿಡುತ್ತವೆ. ಸಾಲಿನಲ್ಲಿ ಬರೀ ‘ಪಿಡಿಎಫ್’ ಅಂತ ಬರೆಯುವ ಬದಲು ‘ಪಿಡಿಎಫ್‌ನಲ್ಲಿ ಬೇರೆ ಖಾತೆಯ ವಿವರ ಬರುವುದು’ ಅಂತ ಏನು ಕೆಡುತ್ತೆ ಅನ್ನುವುದನ್ನೇ ಬರೆಯಿರಿ.

ಪದದ ಮಟ್ಟಿಗೆ ನಾನು ‘ಕೆಟ್ಟರೆ ಹಾನಿ’ಯನ್ನೇ ಹಿಡಿಯುತ್ತೇನೆ. ‘ಪೆಟ್ಟು’ ಮಾತಿಗೆ ಚೆಂದ, ವರದಿಯಲ್ಲಿ ಯಾಕೋ ಕೂರುವುದಿಲ್ಲ. ಯಾವುದೇ ಇಟ್ಟರೂ ಪಕ್ಕದಲ್ಲಿ 1 ಅಂದರೇನು, 3 ಅಂದರೇನು, 5 ಅಂದರೇನು ಅಂತ ಒಂದೊಂದು ಸಾಲು ಬರೆದಿಡಬೇಕು. ಅದಿಲ್ಲದ ಪಟ್ಟಿ ಹೇಗೆ ಕೆಡುತ್ತೆ ಅಂತ ನೋಡಿದ ಕೂಡಲೇ ಗೊತ್ತಾಗುತ್ತೆ. ಎಲ್ಲ ಸಾಲಿಗೂ 4, 5 ಬಿದ್ದಿರುತ್ತೆ. ಪ್ರತಿಯೊಬ್ಬರಿಗೂ ತಮ್ಮ ಫೀಚರ್ ಮುಖ್ಯ ಅಲ್ವಾ. ಆಗ ಅಂಕಕ್ಕೆ ಬೆಲೆಯೇ ಇಲ್ಲ, ಸಮಯ ಮತ್ತೆ ಸಮಪಾಲು.

ಗಿರೀಶ್:

ಬೇರೆ ಸಾಲು ಅನ್ನುವುದು ಸರಿ. ‘ಪೆಟ್ಟು’ ಮಾತ್ರ ನಾನು ಬಿಡಲ್ಲ.

ವೀಣಾ:

ಎಲ್ಲರಿಗೂ ತುಂಬಾ ಧನ್ಯವಾದ. ಮೊದಲ ಕಾಲಂಗೆ ‘ಕೆಡುವ ಸಂಭವ’ ಖಚಿತ. ಎರಡನೆಯದಕ್ಕೆ ‘ಕೆಟ್ಟರೆ ಹಾನಿ’ ಒಂದು ಹಾಳೆಯಲ್ಲಿ, ‘ಬೀಳುವ ಪೆಟ್ಟು’ ಇನ್ನೊಂದರಲ್ಲಿ ಇಟ್ಟು, ಎರಡನ್ನೂ ತಂಡದ ಬೇರೆ ಬೇರೆ ಜನರ ಕೈಲಿ ತುಂಬಿಸುತ್ತೇನೆ. ನಂಬಿಕೆ, ಕಾನೂನು ಇವನ್ನು ಯಾವ ಹಾಳೆಯವರು ಲೆಕ್ಕಕ್ಕೆ ತಗೊಂಡರು ಅಂತ ನೋಡಿ ತಿಳಿಸುತ್ತೇನೆ.

ಇನ್ನೊಂದು ಪದವೂ ಬೇಕು. ಸಮಯ ಮುಗಿದ ಮೇಲೆ ಟೆಸ್ಟ್ ಮಾಡದೆ ಬಿಟ್ಟದ್ದು, ಅರ್ಧ ಮಾಡಿದ್ದು ಉಳಿಯುತ್ತಲ್ಲ. ಬಿಡುಗಡೆ ಮಾಡೋಣವಾ ಬೇಡವಾ ಅಂತ ತೀರ್ಮಾನಿಸುವವರಿಗೆ ಅದನ್ನು ಬರೆದು ಕೊಡಬೇಕು. ‘ಉಳಿದ ಅಪಾಯ’ ಅಂತ ಹಾಕಿದ್ದೆ. ಓದಿದವರೊಬ್ಬರು ‘ಇನ್ನೂ ಸರಿಪಡಿಸದ ಬಗ್‌ಗಳಾ?’ ಅಂತ ಕೇಳಿದರು. ಗೊತ್ತಿರುವ ಬಗ್ ಬೇರೆ, ನೋಡೇ ಇಲ್ಲದ ಜಾಗ ಬೇರೆ. ಎರಡನೆಯದನ್ನು ಹೇಳುವ ಪದ ಯಾರಿಗಾದರೂ ಹೊಳೆಯುತ್ತಾ?

ಶಾರದಾ:

‘ನೋಡದೆ ಬಿಟ್ಟದ್ದು’ ಅಂತಲೇ ಬರೆಯಿರಿ. ನಮ್ಮ ತಪಾಸಣೆಯ ಹಾಳೆಯಲ್ಲಿ ಆ ಕಾಲಂ ಇದೆ, ಪಕ್ಕದಲ್ಲಿ ಯಾಕೆ ಬಿಟ್ಟೆವು ಅನ್ನುವುದಕ್ಕೂ ಒಂದು ಕಾಲಂ ಇದೆ. ಯಾರ ಒಪ್ಪಿಗೆಯಿಂದ ಬಿಟ್ಟೆವು ಅಂತ ಸಹಿ ಬೀಳದೆ ಆ ಹಾಳೆ ಮುಂದಕ್ಕೆ ಹೋಗುವುದಿಲ್ಲ.