ಅಪ್‌ಡೇಟ್: ಒಂದೇ ಸ್ಕ್ರಿಪ್ಟ್, ಎರಡು ಹುಕ್

ನನ್ನ ಪ್ರಶ್ನೆ: "ಚಾಕು ಹರಿತಗೊಳಿಸುವ ಸಾಧನದ 30 ಸೆಕೆಂಡ್ ಜಾಹೀರಾತಿಗೆ ಎರಡು ಹುಕ್, ಅಂದರೆ ನೋಡುಗರನ್ನು ಹಿಡಿದಿಡುವ ಆರಂಭದ ಸಾಲು, ಬರೆದಿದ್ದೇನೆ. ಎರಡನೆಯದು ಉಳಿದ ಸ್ಕ್ರಿಪ್ಟ್‌ಗೆ ಕೂಡಿಕೊಳ್ಳುತ್ತಿಲ್ಲ, ಏಕೆ?"

ತೊಂದರೆ ಇದ್ದದ್ದು ಹುಕ್‌ನಲ್ಲಲ್ಲ, ಅದರ ನಂತರದ ಸಾಲಿನಲ್ಲಿ. ಹುಕ್‌ಗಳು ಹೀಗಿವೆ:

ಎ: "ನಿಮ್ಮ ಚಾಕು ಟೊಮೆಟೊ ಕೊಯ್ಯುತ್ತಾ, ಇಲ್ಲ ಜಜ್ಜುತ್ತಾ?"
ಬಿ: "ಈ ಟೊಮೆಟೊ ಬಿಲ್ಲೆ ನೋಡಿ, ಆಚೆ ಬದಿಯೇ ಕಾಣುತ್ತೆ!"

ಮುಂದಿನ ಸಾಲು "ಇದಕ್ಕೆ ಕಾರಣ ಮೊಂಡಾದ ಅಲಗು" ಎಂದಿತ್ತು. ಎ ನಂತರ ಅದು ಸರಿ. ಬಿ ನಂತರ ತೆಳು ಬಿಲ್ಲೆಗೆ ಮೊಂಡು ಅಲಗೇ ಕಾರಣ ಎಂದಂತಾಗುತ್ತದೆ. ಈಗ ಅದನ್ನು "ಟೊಮೆಟೊ ಸಿಪ್ಪೆ ಅಲಗಿನ ಹರಿತವನ್ನು ತಕ್ಷಣ ತೋರಿಸಿಬಿಡುತ್ತದೆ" ಎಂದು ಬದಲಿಸಿದ್ದೇನೆ. ಎರಡಕ್ಕೂ ಹೊಂದುತ್ತದೆ. ಬೆಸುಗೆಯ ಸಾಲಿನಲ್ಲಿ "ಇದು", "ಅದಕ್ಕೇ" ಎಂದು ಹಿಂದಕ್ಕೆ ಬೆರಳು ತೋರುವ ಪದ ಇದ್ದರೆ ಮೊದಲು ಅದನ್ನೇ ಅನುಮಾನಿಸಬೇಕು.

ಬಿ ಹುಕ್‌ನ ಮೊದಲ ಕರಡಿನಲ್ಲಿ "ಎರಡೇ ನಿಮಿಷದಲ್ಲಿ" ಎಂಬ ಮಾತೂ ಇತ್ತು. ತೆಗೆದುಹಾಕಿದೆ. ಅದು ಉಳಿದಿದ್ದರೆ, ಎರಡನ್ನೂ ಹೋಲಿಸುವ ಪರೀಕ್ಷೆಯಲ್ಲಿ ಬಿ ಗೆದ್ದಾಗ ಗೆದ್ದದ್ದು ಫಲಿತಾಂಶದ ದೃಶ್ಯವೋ ಬೇಗ ಆಗುತ್ತದೆಂಬ ಭರವಸೆಯೋ ತಿಳಿಯುತ್ತಿರಲಿಲ್ಲ. ಈಗಿರುವ ಮುಖ್ಯ ವ್ಯತ್ಯಾಸ ಒಂದೇ: ಎ ಸಮಸ್ಯೆಯಿಂದ ಶುರು, ಬಿ ಫಲಿತಾಂಶದಿಂದ. ಎರಡೂ 4 ಸೆಕೆಂಡ್, ಅದೇ ದನಿ, ಅದೇ ಟೊಮೆಟೊ, ಅದೇ ಕ್ಯಾಮೆರಾ ಕೋನ.

ಎರಡನ್ನೂ ಒಂದೇ ಅವಧಿಯಲ್ಲಿ ಓಡಿಸಬೇಕು, ನೋಡುಗರನ್ನು ಯಾದೃಚ್ಛಿಕವಾಗಿ ಹಂಚಬೇಕು. ಒಂದು ವಾರ ಎ, ಮುಂದಿನ ವಾರ ಬಿ ಎಂದರೆ ವಾರಗಳ ವ್ಯತ್ಯಾಸವೂ ಲೆಕ್ಕಕ್ಕೆ ಸೇರಿಬಿಡುತ್ತದೆ. 4ನೇ ಸೆಕೆಂಡ್ ದಾಟಿದವರ ಪಾಲಿನ ಜೊತೆಗೆ, ದಾಟಿದವರಲ್ಲಿ ಎಷ್ಟು ಜನ ಕ್ಲಿಕ್ ಮಾಡಿದರು ಎಂಬುದನ್ನೂ ನೋಡುತ್ತೇನೆ. ದಾಟಿದವರ ಪಾಲು ಏರಿ, ಅವರಲ್ಲಿ ಕ್ಲಿಕ್ ಮಾಡಿದವರ ಪಾಲು ಕುಸಿದರೆ, ಹುಕ್ ಬರೀ ಕುತೂಹಲಿಗರನ್ನು ಎಳೆದುತಂದಿರಬಹುದು, ಕೊಳ್ಳುವವರನ್ನಲ್ಲ.